ಕಲ್ಲಿನ ಕಮಾನು: ಥ್ರಸ್ಟ್ ಲೈನ್ ಪ್ರತಿ ಸಂದಿನಲ್ಲೂ ಮಧ್ಯದ ಮೂರನೇ ಒಂದು ಭಾಗದಲ್ಲೇ ಇರಬೇಕಾ?

ತೊರೆದಾರಿ

ಎಲ್ಲರಿಗೂ ನಮಸ್ಕಾರ. ಒಂದು ತೊರೆಯ ಮೇಲೆ ಸಣ್ಣ ಕಲ್ಲಿನ ಕಮಾನು ಸೇತುವೆ ಕಟ್ಟುವ ಯೋಚನೆ ಇದೆ. ಕಾಂಕ್ರೀಟ್, ಕಂಬಿ ಏನೂ ಇಲ್ಲ. ಕಡಿದ ಕಲ್ಲು, ಸುಣ್ಣದ ಗಾರೆ, ಅಷ್ಟೇ. ಲೆಕ್ಕ ನಾನೇ ಹಾಕಿದ್ದೇನೆ, ಎಲ್ಲಿ ಸರಿ ಎಲ್ಲಿ ಇಲ್ಲ ಅಂತ ನೋಡಿ ಹೇಳಿ.

ಕಮಾನಿನ ನಡುಗೆರೆ ವೃತ್ತದ ತುಂಡು. ಸ್ಪ್ಯಾನ್ 4 ಮೀ., ಏರು 1 ಮೀ., ಹಾಗಾಗಿ ತ್ರಿಜ್ಯ 2.5 ಮೀ. ಕಲ್ಲಿನ ದಪ್ಪ 300 ಮಿ.ಮೀ. ನೆತ್ತಿಯ ಮೇಲೆ 300 ಮಿ.ಮೀ. ಮಣ್ಣು, ಅದರ ಮೇಲೆ ಸಮತಟ್ಟು ದಾರಿ. ಕಲ್ಲು, ಮಣ್ಣು ಎರಡಕ್ಕೂ ಘನ ಮೀಟರಿಗೆ 20 ಕಿಲೋನ್ಯೂಟನ್ ಹಿಡಿದೆ. ಎಲ್ಲ ಲೆಕ್ಕವೂ 1 ಮೀ. ಅಗಲಕ್ಕೆ.

ಅರ್ಧ ಕಮಾನನ್ನು 0.5 ಮೀ. ಅಗಲದ ನಾಲ್ಕು ಹೋಳು ಮಾಡಿದೆ. ನೆತ್ತಿಯಿಂದ ಬುಡದ ಕಡೆಗೆ ತೂಕ ಹೀಗಿದೆ: 6.1, 7.2, 9.6, 13.7 ಕಿಲೋನ್ಯೂಟನ್. ಒತ್ತಡ ಕಲ್ಲಿಂದ ಕಲ್ಲಿಗೆ ಹಾಯುವ ದಾರಿಯೇ ಥ್ರಸ್ಟ್ ಲೈನ್; ಆ ಗೆರೆ ನೆತ್ತಿಯ ಸಂದಿನ ಮಧ್ಯದಲ್ಲೂ ಬುಡದ ಸಂದಿನ ಮಧ್ಯದಲ್ಲೂ ಹಾಯುತ್ತದೆ ಅಂತ ಇಟ್ಟುಕೊಂಡೆ. ಅಡ್ಡ ಒತ್ತಡ ಎಚ್ 30.3 ಬಂತು. ಬರೀ ಸ್ವಂತ ತೂಕಕ್ಕೆ ಗೆರೆ ಚೆನ್ನಾಗೇ ಕೂತಿದೆ. ನಡುಗೆರೆಯಿಂದ ಹೆಚ್ಚೆಂದರೆ 7 ಮಿ.ಮೀ. ಸರಿದಿದೆ. 300ರ ಆರನೇ ಒಂದು ಭಾಗ 50 ಮಿ.ಮೀ., ಅಂದರೆ ಆಚೆ ಈಚೆ ಐವತ್ತೈವತ್ತು ಜಾಗ ಇದೆ.

ತೊಂದರೆ ಗಾಡಿಯದ್ದು. ಸಣ್ಣ ಟ್ರ್ಯಾಕ್ಟರ್ ಓಡಾಡಬೇಕು. ಹಿಂದಿನ ಆಕ್ಸಲ್ 25 ಕಿಲೋನ್ಯೂಟನ್, ಅದನ್ನು ಸೇತುವೆಯ 2.5 ಮೀ. ಅಗಲಕ್ಕೆ ಹರಡಿ ಮೀಟರಿಗೆ 10 ಅಂತ ಹಿಡಿದೆ. ಅದನ್ನು ಕಾಲು ಸ್ಪ್ಯಾನಿನಲ್ಲಿ, ಅಂದರೆ ನೆತ್ತಿಯಿಂದ 1 ಮೀ. ಬಲಕ್ಕೆ ಇಟ್ಟೆ. ನೆತ್ತಿ ಮತ್ತು ಎರಡು ಬುಡಗಳ ಮಧ್ಯದಲ್ಲೇ ಗೆರೆ ಹಾಯಿಸಿದರೆ ಎಚ್ 35.3. ಆದರೆ ಗಾಡಿ ನಿಂತ ಸಂದಿನಲ್ಲಿ ಗೆರೆ 91 ಮಿ.ಮೀ. ಮೇಲಕ್ಕೆ ಹೋಗಿದೆ! ಮಧ್ಯದ ಭಾಗ ದಾಟಿತು. 91ನ್ನು ಆರರಿಂದ ಗುಣಿಸಿದರೆ 546, ಅಂದರೆ ಕಲ್ಲು 550 ಮಿ.ಮೀ. ದಪ್ಪ ಬೇಕಾಗುತ್ತದೆ. ಇಷ್ಟು ಚಿಕ್ಕ ಕಮಾನಿಗೆ ಇದು ಜಾಸ್ತಿ ಅಲ್ವಾ?

ಶ್ರುತಿ_ಸ್ಟ್ರಕ್ಚರ್

ಜಾಸ್ತಿ ಅನ್ನಿಸಿದರೂ ಲೆಕ್ಕ ಅಂದರೆ ಲೆಕ್ಕ. ಗೆರೆ ಮಧ್ಯದ ಭಾಗದಿಂದ ಹೊರಗೆ ಹೋದರೆ ಸಂದಿನ ಒಂದು ಅಂಚಿನಲ್ಲಿ ಎಳೆತ ಬರುತ್ತದೆ. ಸುಣ್ಣದ ಗಾರೆ ಎಳೆತ ತಡೆಯುವುದಿಲ್ಲ. ಸಂದು ಬಾಯಿ ಬಿಟ್ಟರೆ ಕಮಾನು ಬಿದ್ದಂತೆಯೇ. 550 ಮಾಡಿ, ಇಲ್ಲದಿದ್ದರೆ ಆರ್‌ಸಿಸಿ ಬಾಕ್ಸ್ ಹಾಕಿ ನಿಶ್ಚಿಂತೆಯಾಗಿರಿ.

ಮಂಜು_ಬಿಲ್ಡರ್

ನನಗೊಂದು ಅರ್ಥ ಆಗಲಿಲ್ಲ. ಸ್ಪ್ಯಾನ್ 4 ಮೀ. ಅಂದರೆ ಮಧ್ಯದ ಮೂರನೇ ಒಂದು ಭಾಗ 1.33 ಮೀ. ಗಾಡಿ ಅದರೊಳಗೆ ನಿಂತರೆ ಸರಿ, ಹೊರಗೆ ನಿಂತರೆ ತಪ್ಪು ಅಂತಾನಾ? ಗಾಡಿ ದಾಟಲೇಬೇಕಲ್ಲ, ಮಧ್ಯದಲ್ಲೇ ಹೇಗೆ ನಿಲ್ಲಿಸೋದು?

ತೊರೆದಾರಿ

ಮಂಜು ಅವರೇ, ಸ್ಪ್ಯಾನಿನ ಮಧ್ಯ ಅಲ್ಲ. ಕಲ್ಲಿಗೂ ಕಲ್ಲಿಗೂ ನಡುವಿನ ಸಂದು 300 ಮಿ.ಮೀ. ಆಳ ಇದೆ ನೋಡಿ. ಆ ಆಳದಲ್ಲಿ ಮೇಲಿನ 100, ಕೆಳಗಿನ 100 ಬಿಟ್ಟು ನಡುವಿನ 100. ಒತ್ತಡದ ಗೆರೆ ಎಲ್ಲ ಸಂದುಗಳಲ್ಲೂ ಆ ನಡುವಿನ ನೂರರಲ್ಲಿ ಹಾಯಬೇಕು ಅನ್ನೋದು ನಿಯಮ. ಗಾಡಿ ಎಲ್ಲಿ ಬೇಕಾದರೂ ನಿಲ್ಲಲಿ.

ಮಂಜು_ಬಿಲ್ಡರ್

ಓ, ಹಾಗೆ. ಸರಿ ಸರಿ, ಮುಂದುವರಿಸಿ.

ಹಳೇಸೇತುವೆ

ತೊರೆದಾರಿಯವರೇ, ನಿಮ್ಮ ಕೂಡು ಕಳೆಯೆಲ್ಲ ಸರಿ ಇದೆ. ನಾನೂ ಕೂತು ಹಾಕಿ ನೋಡಿದೆ, ಅದೇ ಉತ್ತರ ಬಂತು. ಆದರೆ ಒಂದು ಪ್ರಶ್ನೆ. ಗೆರೆ ನೆತ್ತಿಯ ಮಧ್ಯದಲ್ಲೂ ಎರಡು ಬುಡಗಳ ಮಧ್ಯದಲ್ಲೂ ಹಾಯಲೇಬೇಕು ಅಂತ ಯಾರು ಹೇಳಿದರು?

ಬುಡಗಳಲ್ಲಿ ಕೀಲು ಇಲ್ಲ. 300 ಮಿ.ಮೀ. ಅಗಲದ ಕಲ್ಲು 300 ಮಿ.ಮೀ. ಅಗಲದ ಕಲ್ಲಿನ ಮೇಲೆ ಕೂತಿದೆ. ಒತ್ತಡ ಆ ಅಗಲದಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದು. ನೆತ್ತಿಯಲ್ಲೂ ಹಾಗೇ. ಅಂದರೆ ನಿಮ್ಮ ಕೈಯಲ್ಲಿ ಮೂರು ಆಯ್ಕೆ ಇವೆ: ಎಡ ಬುಡದಲ್ಲಿ ಗೆರೆ ಎಷ್ಟು ಎತ್ತರ, ಬಲ ಬುಡದಲ್ಲಿ ಎಷ್ಟು ಎತ್ತರ, ಮತ್ತು ಎಚ್ ಎಷ್ಟು. ಈ ಮೂರನ್ನು ಬದಲಿಸಿದ ಹಾಗೆ ಬೇರೆ ಬೇರೆ ಗೆರೆ ಬರುತ್ತದೆ. ತೂಕಗಳ ಜೊತೆ ಸಮತೋಲನದಲ್ಲಿರುವ ಗೆರೆಗಳು ಲೆಕ್ಕವಿಲ್ಲದಷ್ಟು. ನೀವು ಅದರಲ್ಲಿ ಒಂದನ್ನು ಮಾತ್ರ ನೋಡಿ 550 ಅನ್ನುತ್ತಿದ್ದೀರಿ.

ಪರೀಕ್ಷೆ ಹೀಗೆ: ಮಧ್ಯದ ಭಾಗದೊಳಗೆ ಕೂರುವ ಗೆರೆ ಒಂದಾದರೂ ಇದೆಯಾ? ಇದ್ದರೆ ಸಾಕು.

ಈಗ ಎಚ್ ಅನ್ನು 35.3ರಿಂದ 36.5ಕ್ಕೆ ಏರಿಸಿ. ಗೆರೆ ಸ್ವಲ್ಪ ಚಪ್ಪಟೆಯಾಗುತ್ತದೆ. ಆಮೇಲೆ ಇಡೀ ಗೆರೆಯನ್ನು ಗಾಡಿಯ ಕಡೆಗೆ ಒಂಚೂರು ವಾಲಿಸಿ. ಖಾಲಿ ಇರುವ ಎಡ ಬುಡದಲ್ಲಿ 60 ಮಿ.ಮೀ. ಮೇಲೆ, ಗಾಡಿಯ ಕಡೆಯ ಬಲ ಬುಡದಲ್ಲಿ 60 ಕೆಳಗೆ. ಇದು ನೆಟ್ಟಗೆ ಅಳೆದ ಅಳತೆ. ಬುಡದ ಸಂದು ಓರೆಯಾಗಿರುವುದರಿಂದ ಸಂದಿನ ಉದ್ದಕ್ಕೆ ಅಳೆದರೆ ಅದು 36 ಮಾತ್ರ. ಈಗ ಪ್ರತಿ ಸಂದಿನಲ್ಲೂ ಅಳೆದು ನೋಡಿ. ಗಾಡಿಯ ಕೆಳಗಿನ 91 ಎಷ್ಟಾಗುತ್ತದೆ ಅಂತ ನೀವೇ ಹೇಳಿ.

ತೊರೆದಾರಿ

ಸರ್, ಕೈಯಲ್ಲಿ ಮತ್ತೆ ಮತ್ತೆ ಬರೆಯುವುದು ಬೇಡ ಅಂತ ಪುಟ್ಟ ಪ್ರೋಗ್ರಾಮ್ ಮಾಡಿದೆ. `M` ಅಂದರೆ ಗಾಡಿ ಸೇರಿಸಿ ಸಾದಾ ತೊಲೆಗೆ ಬರುವ ಮೊಮೆಂಟ್, `z` ನಡುಗೆರೆಯ ಎತ್ತರ, `c` ಸಂದಿನ ಓರೆಗೆ, `a` ಗೆರೆಯನ್ನು ಮೇಲೆ ಕೆಳಗೆ ಸರಿಸಲು, `b` ವಾಲಿಸಲು.

```
M = [0,16.1,26.4,32.5,35.3,35.0,31.4,18.6,0]
z = [0,0.5,0.791,0.949,1,0.949,0.791,0.5,0]
c = [0.6,0.8,0.917,0.98,1,0.98,0.917,0.8,0.6]
H, a, b = 36.5, 0, -0.03
for i in range(9):
    x = -2 + 0.5*i
    print(x, round(1000*c[i]*(M[i]/H + a + b*x - z[i])))
```

ಎಡ ಬುಡದಿಂದ ಬಲ ಬುಡಕ್ಕೆ ಬಂದ ಉತ್ತರ ಮಿ.ಮೀ.ಗಳಲ್ಲಿ: 36, −11, −35, −43, −33, −5, 36, −28, −36. ಕೂಡು ಅಂದರೆ ನಡುಗೆರೆಗಿಂತ ಮೇಲೆ, ಕಳೆ ಅಂದರೆ ಕೆಳಗೆ.

ಗಾಡಿಯ ಕೆಳಗಿನ 91 ಈಗ 36! ಎಲ್ಲವೂ 50ರ ಒಳಗೆ. ದಪ್ಪ 300 ಇಟ್ಟೇ ಪಾಸಾಯಿತು. ನಂಬೋಕೇ ಆಗುತ್ತಿಲ್ಲ.

ಇನ್ನೊಂದು. ಅತಿ ಜಾಸ್ತಿ ಸರಿದಿರುವುದು ಗಾಡಿಯ ಕೆಳಗೆ ಅಲ್ಲವೇ ಅಲ್ಲ. ಗಾಡಿ ಇಲ್ಲದ ಎಡಗಡೆ, ನೆತ್ತಿಯಿಂದ ಅರ್ಧ ಮೀಟರ್ ದೂರದ ಸಂದಿನಲ್ಲಿ, 43 ಕೆಳಗೆ. ಇದು ಹೇಗೆ?

ಹಳೇಸೇತುವೆ

ಅದಕ್ಕೇ ಪ್ರತಿ ಸಂದನ್ನೂ ನೋಡಬೇಕು ಅನ್ನೋದು. ನೆತ್ತಿ, ಗಾಡಿಯ ಜಾಗ, ಬುಡ ಅಂತ ಮೂರು ಕಡೆ ಮಾತ್ರ ನೋಡಿ ಬಿಟ್ಟವರಿಗೆ ಈ ಸಂದು ಕಾಣುವುದೇ ಇಲ್ಲ. ಗಾಡಿ ಗೆರೆಯನ್ನು ತನ್ನ ಕಡೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದನ್ನು ಹತೋಟಿಗೆ ತರಲು ನೀವು ಎಚ್ ಏರಿಸಿದಿರಿ. ಆಗ ತೂಕ ಕಡಿಮೆ ಇರುವ ಕಡೆ ಗೆರೆ ಕೆಳಕ್ಕೆ ಇಳಿಯಲೇಬೇಕು. ಕಮಾನಿನ ಭಾಷೆಯಲ್ಲಿ ಹೇಳಿದರೆ, ಗಾಡಿಯ ಕಡೆ ಕಲ್ಲುಗಳು ಕೆಳಕ್ಕೆ ಜಗ್ಗಿ, ಎದುರು ಕಡೆಯ ಕಲ್ಲುಗಳು ಮೇಲಕ್ಕೆ ಉಬ್ಬಲು ನೋಡುತ್ತವೆ.

ನಿಮ್ಮ ಹೋಳುಗಳು ದಪ್ಪ ಇವೆ, ಒಂಬತ್ತು ಕಡೆ ಮಾತ್ರ ನೋಡಿದ್ದೀರಿ. ನಿಜವಾದ ಕಲ್ಲುಗಳು ಎಷ್ಟಿವೆಯೋ ಅಷ್ಟು ಸಂದುಗಳಲ್ಲಿ ಒಮ್ಮೆ ನೋಡಿಬಿಡಿ. ಗಾಡಿಯನ್ನೂ ಕಾಲು ಸ್ಪ್ಯಾನಿನಲ್ಲೇ ಬಿಡಬೇಡಿ, ಒಂದು ಬುಡದಿಂದ ನೆತ್ತಿಯವರೆಗೆ ಹೆಜ್ಜೆ ಹೆಜ್ಜೆಯಾಗಿ ಸರಿಸಿ. ಸಾಮಾನ್ಯವಾಗಿ ಕಾಲು ಸ್ಪ್ಯಾನಿನ ಹತ್ತಿರವೇ ಕೆಟ್ಟದ್ದು ಸಿಗುತ್ತದೆ, ಆದರೆ ಸರಿಯಾಗಿ ಅಲ್ಲೇ ಅಂತ ಏನಿಲ್ಲ.

ಶ್ರುತಿ_ಸ್ಟ್ರಕ್ಚರ್

ಸರ್, ಇದು ಉತ್ತರಕ್ಕೆ ತಕ್ಕ ಹಾಗೆ ಪ್ರಶ್ನೆ ಬದಲಿಸಿದಂತೆ ಕಾಣುತ್ತಿದೆ. ನಮಗೆ ಬೇಕಾದ ಗೆರೆಯನ್ನು ನಾವೇ ಆರಿಸಿಕೊಳ್ಳೋದಾ? ಕಮಾನು ಆ ಗೆರೆಯನ್ನೇ ಹಿಡಿಯುತ್ತದೆ ಅಂತ ಏನು ಗ್ಯಾರಂಟಿ? ನಾನು ಸಾಫ್ಟ್‌ವೇರಿನಲ್ಲಿ ಎರಡೂ ಬುಡ ಬಿಗಿ ಮಾಡಿ ಎಲಾಸ್ಟಿಕ್ ಕಮಾನಾಗಿ ಓಡಿಸಿದರೆ ಒಂದೇ ಒಂದು ಉತ್ತರ ಬರುತ್ತದೆ. ಅದು ನಿಜವಾದ ಗೆರೆ ಅಲ್ವಾ?

ಹಳೇಸೇತುವೆ

ಒಳ್ಳೆ ಪ್ರಶ್ನೆ ಮೇಡಂ. ಇಡೀ ವಿಷಯದ ತಿರುಳೇ ಇದು.

ಸಾಫ್ಟ್‌ವೇರ್ ಕೊಡುವ ಒಂದೇ ಉತ್ತರ, ಬುಡಗಳು ಒಂದು ಕೂದಲೆಳೆಯೂ ಅಲುಗಿಲ್ಲ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ಸೆಂಟ್ರಿಂಗ್ ಬಿಚ್ಚಿದ ದಿನವೇ ಗಾರೆ ಒತ್ತಿಕೊಂಡು ಕಮಾನು ಇಳಿಯುತ್ತದೆ. ಅಬಟ್‌ಮೆಂಟ್ ಒಂದೆರಡು ಮಿ.ಮೀ. ಹಿಂದಕ್ಕೆ ಸರಿಯುತ್ತದೆ. ಅಷ್ಟು ಸಾಕು, ಎಲಾಸ್ಟಿಕ್ ಉತ್ತರ ಪೂರಾ ಬದಲಾಗಿಬಿಡುತ್ತದೆ. ಬೇಕಿದ್ದರೆ ನಿಮ್ಮ ಮಾಡೆಲ್‌ನಲ್ಲಿ ಒಂದು ಬುಡವನ್ನು 2 ಮಿ.ಮೀ. ಸರಿಸಿ ನೋಡಿ.

1846ರಲ್ಲಿ ಬಾರ್ಲೋ ಅನ್ನುವ ಎಂಜಿನಿಯರ್ ಇದನ್ನು ಮಾದರಿ ಮಾಡಿಯೇ ತೋರಿಸಿದ್ದರು. ಪ್ರತಿ ಸಂದಿನಲ್ಲೂ ಗಾರೆಯ ಬದಲು ತೆಳು ಮರದ ಚೂರುಗಳು, ಒಂದರ ಮೇಲೊಂದು. ಸಂದಿಗೆ ಒಂದೇ ಚೂರು ಬಿಟ್ಟು ಉಳಿದದ್ದನ್ನು ಎಳೆದು ತೆಗೆದರೂ ಕಮಾನು ನಿಲ್ಲುತ್ತದೆ. ಯಾವ ಚೂರು ಬಿಡುತ್ತೀರೋ ಅದರ ಮೂಲಕ ಗೆರೆ ಹಾಯುತ್ತದೆ. ಬೇರೆ ಚೂರು ಬಿಟ್ಟರೆ ಬೇರೆ ಗೆರೆ. ಕಮಾನು ಅದೇ, ತೂಕವೂ ಅದೇ.

ಹಾಗಾದರೆ ಗ್ಯಾರಂಟಿ ಎಲ್ಲಿಂದ? 1966ರಲ್ಲಿ ಹೇಮನ್ ಅನ್ನುವ ಎಂಜಿನಿಯರ್ ಇದನ್ನು ಪ್ಲಾಸ್ಟಿಕ್ ಸಿದ್ಧಾಂತದಿಂದ ಕಟ್ಟಿಕೊಟ್ಟರು. ಕಲ್ಲುಗಳು ಜಾರುವುದಿಲ್ಲ, ಎಳೆತ ತಡೆಯುವುದಿಲ್ಲ, ಒತ್ತಡಕ್ಕೆ ಪುಡಿಯಾಗುವುದಿಲ್ಲ ಅಂತ ಇಟ್ಟುಕೊಂಡರೆ, ಸಮತೋಲನದ ಒಂದೇ ಒಂದು ಗೆರೆ ಕಲ್ಲಿನ ದಪ್ಪದೊಳಗೆ ಸಿಕ್ಕರೂ ಕಮಾನು ಬೀಳುವುದಿಲ್ಲ. ಕಮಾನು ನಿಮ್ಮ ಗೆರೆಯನ್ನೇ ಹಿಡಿಯಬೇಕಿಲ್ಲ. ನೀವು ಒಂದು ದಾರಿ ಕಂಡುಹಿಡಿದಿದ್ದೀರಿ ಅಂದರೆ ಬೀಳುವ ಮೊದಲು ಕಮಾನೂ ಒಂದು ದಾರಿ ಹುಡುಕಿಕೊಳ್ಳುತ್ತದೆ.

ಇನ್ನು ‘ಸಂದು ಬಾಯಿ ಬಿಟ್ಟರೆ ಬಿತ್ತು’ ಅಂದಿರಿ. ಮೊದಲರ್ಧ ಸರಿ. ಗೆರೆ 50 ದಾಟಿದರೆ ದೂರದ ಅಂಚು ಒತ್ತಡ ಕಳೆದುಕೊಂಡು ತೆರೆಯುತ್ತದೆ. ಆದರೆ ಅಲ್ಲಿಂದ ಬೀಳುವವರೆಗೆ ಬಹಳ ದೂರ ಇದೆ. ಗೆರೆ 70 ಸರಿದಿದೆ ಅಂದುಕೊಳ್ಳಿ. ಅಂಚಿಗೆ ಉಳಿದದ್ದು 80. ಅದರ ಮೂರು ಪಟ್ಟು, ಅಂದರೆ 240 ಮಿ.ಮೀ. ಇನ್ನೂ ಒತ್ತಿಕೊಂಡೇ ಇದೆ. ತೆರೆದದ್ದು 60 ಮಾತ್ರ. ಗೆರೆ ಅಂಚನ್ನೇ ಮುಟ್ಟಿದಾಗ ಆ ಸಂದು ಬಾಗಿಲ ಕೀಲಿನಂತೆ ತಿರುಗತೊಡಗುತ್ತದೆ. ಅಂಥ ಕೀಲು ಒಂದಲ್ಲ, ಮೂರಾದರೂ ಕಮಾನು ನಿಲ್ಲುತ್ತದೆ. ಮೇಲೆ, ಕೆಳಗೆ, ಮೇಲೆ, ಕೆಳಗೆ ಅಂತ ನಾಲ್ಕನೆಯದೂ ಆದಾಗ ಮಾತ್ರ ಕುಸಿಯುತ್ತದೆ.

ಶ್ರುತಿ_ಸ್ಟ್ರಕ್ಚರ್

ಒಪ್ಪಿದೆ, ನಾಲ್ಕು ಕೀಲಿನ ಮಾತು ಸರಿ. ಹಾಗಿದ್ದ ಮೇಲೆ ಮಧ್ಯದ ಭಾಗದ ನಿಯಮ ಯಾಕೆ ಬೇಕು? ದಪ್ಪದೊಳಗೆ ಇದ್ದರೆ ಸಾಕಲ್ಲ.

ಹಳೇಸೇತುವೆ

ಅದನ್ನು ಸುರಕ್ಷತೆಯ ಅಳತೆಯಾಗಿ ಓದಿ. ಗೆರೆ ಮಧ್ಯದ ಭಾಗದೊಳಗೆ ಕೂತರೆ, ಕಲ್ಲನ್ನು ಅದೇ ನಡುಗೆರೆಯ ಮೇಲೆ ಮೂರನೇ ಒಂದಕ್ಕೆ ತೆಳ್ಳಗೆ ಮಾಡಿದರೂ ಗೆರೆ ಹೊರಗೆ ಹೋಗದು. ಅಂದರೆ ಆಕಾರದಲ್ಲೇ ಮೂರು ಪಟ್ಟು ಸುರಕ್ಷತೆ. ತೊರೆದಾರಿಯವರದ್ದು 150ಕ್ಕೆ 43, ಸುಮಾರು ಮೂರೂವರೆ ಪಟ್ಟು.

ಒತ್ತಡದ ಮಾತು ಬಂದರೆ, ಅವರ ಬಲ ಬುಡದಲ್ಲಿ ಒಟ್ಟು ಒತ್ತು ಸುಮಾರು 58 ಕಿಲೋನ್ಯೂಟನ್. 36 ಮಿ.ಮೀ. ಸರಿದದ್ದೂ ಸೇರಿಸಿದರೆ ಅಂಚಿನಲ್ಲಿ ಚದರ ಮಿ.ಮೀ.ಗೆ 0.33 ನ್ಯೂಟನ್. ಗಟ್ಟಿ ಕಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ, ಸುಣ್ಣದ ಗಾರೆಗೂ ಹೊರೆಯಲ್ಲ. ಇಂಥ ಸಣ್ಣ ಕಮಾನು ಕಲ್ಲು ಪುಡಿಯಾಗಿ ಬೀಳುವುದಿಲ್ಲ, ಆಕಾರ ಕೆಟ್ಟು ಬೀಳುತ್ತದೆ. ನಾವು ಗೆರೆಯ ಹಿಂದೆ ಬಿದ್ದಿರುವುದು ಅದಕ್ಕೇ.

ಗಾರೆಮೇಸ್ತ್ರಿ

ನನಗೆ ಈ ಎಚ್, ಮೊಮೆಂಟ್ ಎಲ್ಲ ಬರಲ್ಲ. ಆದರೆ ಒಂದು ಹೇಳ್ತೀನಿ. ನೀವು ಎಲ್ಲರೂ ಸಂದು 300 ಅಂತೀರಿ. ಪೂರಾ 300ಕ್ಕೂ ಗಾರೆ ಕೂತಿದೆ ಅಂತ ಯಾರು ನೋಡಿದ್ದಾರೆ?

ಕಲ್ಲನ್ನು ಬೆಣೆಯ ಆಕಾರಕ್ಕೆ ಸರಿಯಾಗಿ ಕಡಿಯದೆ ಚೌಕ ಇಟ್ಟರೆ, ಕೆಳಗಡೆ ಕಲ್ಲಿಗೆ ಕಲ್ಲು ಮುಟ್ಟುತ್ತೆ, ಮೇಲ್ಗಡೆ ಸಂದು ಬಾಯಿ ಅಗಲ. ಅಲ್ಲಿ ಚಕ್ಕೆ ತುರುಕಿ ಮೇಲೆ ಗಾರೆ ಬಳಿದುಬಿಡ್ತಾರೆ. ಒಳಗೆ ಪೊಳ್ಳು. ಹೊರಗಿಂದ ನೋಡಿದರೆ ಏನೂ ಗೊತ್ತಾಗಲ್ಲ. ಕೆಳಗಿಂದ ನೀರು ತಟ್ಟಿ ಗಾರೆ ಉದುರಿದ ಹಳೇ ಕಮಾನುಗಳಲ್ಲಿ ತೆಳು ಕಬ್ಬಿಣದ ಪಟ್ಟಿ ತೂರಿಸಿದರೆ ಎರಡು ಬೆರಳು ಒಳಗೆ ಹೋಗುತ್ತೆ. ಆಗ ನಿಮ್ಮ ಮಧ್ಯ ಎಲ್ಲಿ?

ಹಳೇಸೇತುವೆ

ಮೇಸ್ತ್ರಿಗಳೇ, ಇದನ್ನು ನಾನೇ ಹೇಳಬೇಕಿತ್ತು. ತೊರೆದಾರಿಯವರ ಲೆಕ್ಕದಲ್ಲೇ ಇಟ್ಟು ನೋಡೋಣ. ಕೆಳಗಿನಿಂದ 30 ಮಿ.ಮೀ. ಗಾರೆ ಹೋಗಿದೆ ಅನ್ನಿ. ಕೆಲಸಕ್ಕೆ ಬರುವ ಆಳ 270. ಅದರ ಮಧ್ಯ 15 ಮಿ.ಮೀ. ಮೇಲಕ್ಕೆ ಸರಿಯಿತು. ಎಡಗಡೆಯ ಆ 43ರ ಸಂದಿನಲ್ಲಿ ಗೆರೆ ಈಗ ಹೊಸ ಮಧ್ಯದಿಂದ 58 ದೂರ. ಇರುವ ಜಾಗ 270ರ ಆರನೇ ಒಂದು, ಅಂದರೆ 45. ಹೊರಗೆ ಹೋಯಿತು!

ಎಲ್ಲ ಸಂದುಗಳಲ್ಲೂ ಒಂದೇ ಸಮ ಹೋಗಿದ್ದರೆ ಗೆರೆಯನ್ನೂ ಅಷ್ಟೇ ಮೇಲಕ್ಕೆ ಎತ್ತಿ ಕೂರಿಸಬಹುದು, ಕಷ್ಟಪಟ್ಟು ಪಾಸಾಗುತ್ತದೆ. ಅಲ್ಲೊಂದು ಇಲ್ಲೊಂದು ಸಂದಿನಲ್ಲಿ ಮಾತ್ರ ಪೊಳ್ಳಾದಾಗ ತಾಪತ್ರಯ, ಯಾಕೆಂದರೆ ಆಗ ಗೆರೆ ಒಂದು ಕಡೆ ಮೇಲಿನ ಅಂಚು, ಪಕ್ಕದಲ್ಲೇ ಕೆಳಗಿನ ಅಂಚು ಹುಡುಕಬೇಕಾಗುತ್ತದೆ. ಹಾಗಾಗಿ ಹಳೇ ಕಮಾನು ಪರೀಕ್ಷಿಸುವಾಗ ನಕ್ಷೆಯ ದಪ್ಪ ಹಾಕಬೇಡಿ. ಪಟ್ಟಿ ತೂರಿಸಿ ಅಳೆದು, ಸಂದು ಸಂದಿಗೆ ಬೇರೆ ದಪ್ಪ ಹಾಕಿ.

ಕಿಟಕಿಮನೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಹಳೇ ಮನೆಯ ಕೊನೇ ಬಾಗಿಲಿನ ಮೇಲೆ ಇಟ್ಟಿಗೆಯ ಕಮಾನು ಇದೆ. ನೆತ್ತಿಯ ಹತ್ತಿರ ಕೆಳಗಿನಿಂದ ಬಿರುಕು ಬಿಟ್ಟಿದೆ. ಕೆಳಗೆ ಅಗಲ, ಮೇಲೆ ಹೋಗುತ್ತಾ ಸಣ್ಣಗೆ. ಬುಡಗಳ ಹತ್ತಿರವೂ ಮೇಲ್ಗಡೆ ಕೂದಲಿನಂಥ ಬಿರುಕು. ನಮ್ಮದೂ ಮಧ್ಯದ ಭಾಗ ದಾಟಿದೆ ಅಂತಾನಾ? ಬಿದ್ದುಹೋಗುತ್ತಾ?

ಹಳೇಸೇತುವೆ

ನೆತ್ತಿಯಲ್ಲಿ ಕೆಳಗೆ ಬಿರುಕು, ಬುಡದ ಹತ್ತಿರ ಮೇಲೆ ಬಿರುಕು. ಎರಡು ಬುಡಗಳು ಒಂದರಿಂದೊಂದು ದೂರ ಸರಿದಾಗ ಬರುವ ಗುರುತು ಇದು. ಗೆರೆ ನೆತ್ತಿಯಲ್ಲಿ ಮೇಲಿನ ಅಂಚಿಗೂ ಬುಡದಲ್ಲಿ ಕೆಳಗಿನ ಅಂಚಿಗೂ ಹೋಗಿದೆ. ಆ ಮೂರು ಸಂದುಗಳಲ್ಲಿ ಖಂಡಿತ ಮಧ್ಯದ ಭಾಗ ದಾಟಿದೆ. ಆದರೂ ಮೂರು ಕೀಲಿನ ಕಮಾನಾಗಿ ನಿಂತಿದೆ.

ಕೇಳಬೇಕಾದ್ದು, ಬುಡ ಸರಿಯುವುದು ನಿಂತಿದೆಯಾ ಅಂತ. ಕೊನೇ ಬಾಗಿಲು ಅಂದಿರಿ. ಅಂದರೆ ಒಂದು ಕಡೆ ಒತ್ತಿ ಹಿಡಿಯಲು ಚಿಕ್ಕ ಗೋಡೆ ಮಾತ್ರ ಇರಬಹುದು. ಆ ಗೋಡೆಗೆ ತೂಗುಗುಂಡು ಬಿಟ್ಟು ನೋಡಿ, ಹೊರಕ್ಕೆ ವಾಲಿದೆಯಾ ಅಂತ. ಬಿರುಕಿನ ಎರಡೂ ಕಡೆ ಗುರುತು ಮಾಡಿ ಅಗಲ ಬರೆದಿಡಿ, ಮಳೆಗಾಲ ಬೇಸಿಗೆ ಎರಡರಲ್ಲೂ ಅಳೆಯಿರಿ. ಅಗಲ ಒಂದೇ ಕಡೆಗೆ ಬೆಳೆಯುತ್ತಲೇ ಹೋದರೆ ಯಾರನ್ನಾದರೂ ಕರೆಸಿ ತೋರಿಸಲೇಬೇಕು, ಕಬ್ಬಿಣದ ಟೈ ಹಾಕಬೇಕಾಗಬಹುದು. ಅಷ್ಟರೊಳಗೆ ಬಿರುಕಿಗೆ ಸಿಮೆಂಟ್ ತುಂಬಿ ಮುಚ್ಚಿಬಿಡಬೇಡಿ, ಅಳೆಯಲು ಏನೂ ಉಳಿಯುವುದಿಲ್ಲ.

ಕಿಟಕಿಮನೆ

ವಾಲಿದೆ ಸರ್. ಕಣ್ಣಿಗೇ ಕಾಣುತ್ತದೆ. ಸಿಮೆಂಟ್ ತುಂಬಿ ಆಗಿದೆ, ಅದರ ಪಕ್ಕ ಮತ್ತೆ ಬಿಟ್ಟಿದೆ.

ಹಳೇಸೇತುವೆ

ಹಾಗಾದರೆ ಸರಿಯುವುದು ನಿಂತಿಲ್ಲ. ಈಗಲೇ ಬಾಗಿಲಿನೊಳಗೆ ಮರದ ಊರೆ ಕೊಡಿಸಿ, ಆ ಬಾಗಿಲಲ್ಲಿ ಓಡಾಟ ಬೇಡ. ಬೇರೆ ಥ್ರೆಡ್ ತೆರೆದು ಫೋಟೋ ಹಾಕಿ, ಇಲ್ಲಿ ಎರಡೂ ಕಲಸಿಹೋಗುತ್ತದೆ.

ಶ್ರುತಿ_ಸ್ಟ್ರಕ್ಚರ್

ಸೇತುವೆಗೆ ಮರಳೋಣ. 25 ಕಿಲೋನ್ಯೂಟನ್ ಆಕ್ಸಲನ್ನು ಪೂರಾ 2.5 ಮೀ. ಅಗಲಕ್ಕೆ ಹರಡಿದ್ದು ನನಗೆ ಒಪ್ಪಿಗೆಯಿಲ್ಲ. ನೆತ್ತಿಯ ಮೇಲೆ ಮಣ್ಣು 300 ಮಿ.ಮೀ. ಮಾತ್ರ. ಚಕ್ರದ ತೂಕ ಅಷ್ಟರಲ್ಲಿ ಎಷ್ಟು ಹರಡೀತು? ಚಕ್ರದ ಕೆಳಗಿನ ಪಟ್ಟಿಗೆ ಮೀಟರಿಗೆ 10ಕ್ಕಿಂತ ಜಾಸ್ತಿಯೇ ಬರುತ್ತದೆ. ಸೇತುವೆಯ ಅಂಚಿನಲ್ಲಿ ಗಾಡಿ ಹೋದರೆ ಇನ್ನೂ ಕೆಟ್ಟದ್ದು.

ಹಳೇಸೇತುವೆ

ಇದು ಸರಿಯಾದ ಏಟು. ಕಾಲು ಸ್ಪ್ಯಾನಿನಲ್ಲಿ ಮಣ್ಣು ಸ್ವಲ್ಪ ಜಾಸ್ತಿ ಇದೆ ನಿಜ, ಆದರೂ ಆಕ್ಷೇಪಣೆ ನಿಲ್ಲುತ್ತದೆ. ತೊರೆದಾರಿಯವರೇ, ಮೀಟರಿಗೆ 20 ಹಾಕಿ ಮತ್ತೆ ಓಡಿಸಿ.

ತೊರೆದಾರಿ

ಓಡಿಸಿದೆ. ಮೊಮೆಂಟ್ ಪಟ್ಟಿ ಬದಲಿಸಿ, ಎಚ್, ವಾಲಿಕೆ, ಎತ್ತರ ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಎಚ್ 43ರ ಹತ್ತಿರ ಒಳ್ಳೆಯದು ಸಿಕ್ಕಿತು. ಅದರಲ್ಲೂ ಗಾಡಿಯ ಕೆಳಗೆ 68 ಮೇಲೆ, ಎದುರು ಕಡೆ 70 ಕೆಳಗೆ. ಅದಕ್ಕಿಂತ ಹೆಚ್ಚು ಇಳಿಸೋಕೆ ನನ್ನಿಂದ ಆಗಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಅಂದರೆ ಮಧ್ಯದ ಭಾಗ ದಾಟಿತು, ಆದರೆ 150ರ ಅಂಚಿಗೆ ಇನ್ನೂ ಅರ್ಧಕ್ಕಿಂತ ಜಾಸ್ತಿ ದೂರ ಇದೆ. ಎರಡು ಪಟ್ಟು ಸುರಕ್ಷತೆ.

ಒಂದು ಯೋಚನೆ ಬಂತು. ನೆತ್ತಿಯ ಮೇಲೆ ಇನ್ನೊಂದು 300 ಮಿ.ಮೀ. ಮಣ್ಣು ಹಾಕಿದರೆ? ತೂಕ ಜಾಸ್ತಿಯಾದಷ್ಟೂ ಗಾಡಿಯ ಪಾಲು ಕಡಿಮೆ ಆಗುತ್ತಲ್ಲ. ಚಕ್ರದ ತೂಕವೂ ಇನ್ನಷ್ಟು ಹರಡುತ್ತದೆ.

ಹಳೇಸೇತುವೆ

ಆಗುತ್ತದೆ. ಬರೀ ಸ್ವಂತ ತೂಕದ ಎಚ್ 30ರಿಂದ 42ಕ್ಕೆ ಏರುತ್ತದೆ, ಗಾಡಿ ಗೆರೆಯನ್ನು ಅಷ್ಟು ಸುಲಭವಾಗಿ ಅಲುಗಿಸಲಾರದು. ಆದರೆ ಪುಕ್ಕಟೆ ಅಲ್ಲ. ನಿಮ್ಮ ವೃತ್ತ ಈಗಿನ ತೂಕಕ್ಕೆ ಅಚ್ಚುಕಟ್ಟಾಗಿ ಹೊಂದಿಕೊಂಡಿದೆ, ಹೆಗಲಿನ ಮೇಲೆ ಮಣ್ಣು ಜಾಸ್ತಿ ನೆತ್ತಿಯ ಮೇಲೆ ಕಡಿಮೆ ಇರುವುದರಿಂದ. ಎಲ್ಲ ಕಡೆ ಸಮನಾಗಿ ತೂಕ ಸೇರಿಸಿದರೆ ಗೆರೆ ಪ್ಯಾರಾಬೋಲದ ಕಡೆ ವಾಲುತ್ತದೆ. ನೆತ್ತಿಯಿಂದ ಒಂದೂವರೆ ಮೀ. ದೂರದಲ್ಲಿ ನಡುಗೆರೆಗಿಂತ ಸುಮಾರು 19 ಮಿ.ಮೀ. ಕೆಳಗೆ ಇಳಿಯುತ್ತದೆ, ಮುಂಚೆ 7 ಇತ್ತು. ಇರುವ 50ರಲ್ಲಿ ಅಷ್ಟು ಖರ್ಚು. ಅಬಟ್‌ಮೆಂಟಿಗೂ ಅಡ್ಡ ಒತ್ತು ಮೂರನೇ ಒಂದಕ್ಕಿಂತ ಜಾಸ್ತಿ ಏರಿತು, ಅದರ ಲೆಕ್ಕ ಬೇರೆ ಹಾಕಬೇಕು.

ಎಲ್ಲಿ ತೂಕ ಹಾಕುತ್ತೀರಿ ಅನ್ನೋದು ಎಷ್ಟು ಹಾಕುತ್ತೀರಿ ಅನ್ನೋದಕ್ಕಿಂತ ಮುಖ್ಯ. ವೇಲ್ಸ್ ದೇಶದ ಪಾಂಟಿಪ್ರಿದ್ದ್‌ನಲ್ಲಿ ವಿಲಿಯಂ ಎಡ್ವರ್ಡ್ಸ್ ಅನ್ನುವವರು ಸುಮಾರು 43 ಮೀ. ಒಂದೇ ಕಮಾನು ಕಟ್ಟಲು ಹೊರಟರು. ಹೆಗಲುಗಳ ಮೇಲಿನ ತೂಕ ಜಾಸ್ತಿಯಾಗಿ, ತೆಳುವಾದ ನೆತ್ತಿ ಮೇಲಕ್ಕೆ ಹಾರಿ ಕಮಾನು ಬಿತ್ತು. ಮತ್ತೆ ಕಟ್ಟುವಾಗ ಎರಡೂ ಹೆಗಲುಗಳಲ್ಲಿ ಮೂರು ಮೂರು ದುಂಡನೆಯ ತೂತು ಬಿಟ್ಟು ತೂಕ ಇಳಿಸಿದರು. 1756ರಲ್ಲಿ ಮುಗಿದ ಆ ಸೇತುವೆ ಇವತ್ತಿಗೂ ನಿಂತಿದೆ.

ಗಾರೆಮೇಸ್ತ್ರಿ

ಹಂಗಾದ್ರೆ ಮಣ್ಣು ತುಂಬುವಾಗಲೂ ಅದೇ ಕಥೆ ಅಲ್ವಾ ಸಾರ್? ಸೆಂಟ್ರಿಂಗ್ ಬಿಚ್ಚಿಬಿಟ್ಟು, ಒಂದೇ ಕಡೆಯಿಂದ ಮಣ್ಣು ಸುರಿದು ಅದುಮಿದರೆ?

ಹಳೇಸೇತುವೆ

ಅದೇ ಕಥೆ. ಬರೀ ಕಲ್ಲಿನ ಕಮಾನು ನಿಂತಿರುವಾಗ ಎಚ್ ಬಹಳ ಚಿಕ್ಕದು. ಆಗ ಒಂದು ಹೆಗಲಿಗೆ ಮಾತ್ರ ಮಣ್ಣು ಬಿದ್ದರೆ ಗೆರೆ ಸಿಕ್ಕಾಪಟ್ಟೆ ಸರಿಯುತ್ತದೆ. ಪೂರ್ತಿಯಾದ ಸೇತುವೆಗೆ ಗಾಡಿ ಮಾಡುವುದಕ್ಕಿಂತ ಹೆಚ್ಚು ಹಾನಿ ಅಲ್ಲೇ ಆಗಬಹುದು. ಎರಡೂ ಕಡೆ ಸಮನಾಗಿ, ತೆಳು ಪದರಗಳಲ್ಲಿ ತುಂಬಿ. ಒಂದು ಕಡೆ ಒಂದು ಪದರ ಆದ ಮೇಲೆ ಇನ್ನೊಂದು ಕಡೆ. ತೊರೆದಾರಿಯವರು ತಮ್ಮ ಪ್ರೋಗ್ರಾಮಿನಲ್ಲಿ ಅರ್ಧ ತುಂಬಿದ ಸ್ಥಿತಿಯನ್ನೂ ಒಂದು ಸಲ ನೋಡಬೇಕು.

ಶ್ರುತಿ_ಸ್ಟ್ರಕ್ಚರ್

ಕೊನೆಗೆ 20ರ ಲೆಕ್ಕಕ್ಕೆ ನಿಮ್ಮ ತೀರ್ಪೇನು? 70 ಬಂದಿದೆ, ಮಧ್ಯದ ಭಾಗ ದಾಟಿದೆ. ನಾನಾದರೆ ಸಹಿ ಹಾಕುವುದಿಲ್ಲ. ಗಾಡಿ ಹೋದಾಗೆಲ್ಲ ಸಂದು ತೆರೆದು ಮುಚ್ಚಿ ಮಾಡಿದರೆ ಗಾರೆ ಪುಡಿಯಾಗುತ್ತದೆ. ನೀರು ಇಳಿಯುತ್ತದೆ. ಆಮೇಲೆ ಮೇಸ್ತ್ರಿಗಳು ಹೇಳಿದ ಪೊಳ್ಳು ಸಂದು ತಾನಾಗೇ ಬರುತ್ತದೆ. ಇವತ್ತಿನ ಎರಡು ಪಟ್ಟು ಸುರಕ್ಷತೆ ಹತ್ತು ವರ್ಷದ ಮೇಲೆ ಅಷ್ಟೇ ಇರುತ್ತಾ?

ಹಳೇಸೇತುವೆ

ನಾನು ಎರಡು ಹಂತ ಇಟ್ಟುಕೊಳ್ಳುತ್ತೇನೆ. ದಿನನಿತ್ಯದ ಓಡಾಟಕ್ಕೆ ಮಧ್ಯದ ಭಾಗದೊಳಗೆ. ಅಪರೂಪಕ್ಕೆ ಬರುವ ಭಾರಕ್ಕೆ ಮಧ್ಯದ ಅರ್ಧದೊಳಗೆ, ಅಂದರೆ ಇಲ್ಲಿ 75. ಆ ಪ್ರಕಾರ 70 ನಡೆಯುತ್ತದೆ. ಆದರೆ ಟ್ರ್ಯಾಕ್ಟರ್ ಇಲ್ಲಿ ಅಪರೂಪದ್ದಾ, ದಿನನಿತ್ಯದ್ದಾ ಅನ್ನೋದು ಅವರೇ ಹೇಳಬೇಕು. ನಾನು ಇನ್ನೊಂದನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಗಾಡಿಯ ಎದುರು ಕಡೆ ಕಮಾನು ಉಬ್ಬಲು ಹೋದಾಗ ಅಲ್ಲಿನ ಮಣ್ಣು ತಡೆಯುತ್ತದೆ. ಹೆಗಲಿನ ಹಿಂದೆ ಕಲ್ಲಿನ ತುಂಬು ಕಟ್ಟಿದ್ದರಂತೂ ಇನ್ನೂ ಜಾಸ್ತಿ.

ಶ್ರುತಿ_ಸ್ಟ್ರಕ್ಚರ್

ಮಣ್ಣು ತಡೆಯಬೇಕಾದರೆ ಕಮಾನು ಮೊದಲು ಅದರ ಕಡೆಗೆ ಸರಿಯಬೇಕು ಸರ್. ಸರಿದರೆ ಸಂದು ಆಗಲೇ ತೆರೆದಿರುತ್ತದೆ. ಬೀಳದಿರುವ ಲೆಕ್ಕಕ್ಕೆ ಆ ತಡೆ ಹಿಡಿಯಿರಿ, ಮಧ್ಯದ ಭಾಗದ ಲೆಕ್ಕಕ್ಕೆ ಬೇಡ.

ಹಳೇಸೇತುವೆ

ಆ ಮಾತು ಅರ್ಧ ಒಪ್ಪುತ್ತೇನೆ. ಸಡಿಲ ಮಣ್ಣಿಗೆ ಸರಿ. ಬಿಗಿಯಾಗಿ ಕಟ್ಟಿದ ಕಲ್ಲಿನ ತುಂಬಿಗೆ ಅಷ್ಟು ಸರಿಯುವ ಅಗತ್ಯ ಬೀಳದು. ಅದಕ್ಕೆ ಎಷ್ಟು ಹಿಡಿಯಬೇಕು ಅನ್ನೋದರಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ.

ತೊರೆದಾರಿ

ಟ್ರ್ಯಾಕ್ಟರ್ ದಿನನಿತ್ಯದ್ದೇ ಅಂತ ಹಿಡಿಯೋಣ. ಹಾಗಾಗಿ ಕಲ್ಲು 400 ಮಿ.ಮೀ. ಮಾಡಿ, ಚಕ್ರದ ಹರಡುವಿಕೆ ಸರಿಯಾಗಿ ಹಾಕಿ, ಹೆಗಲಿನ ಹಿಂದೆ ಕಲ್ಲಿನ ತುಂಬು ಕಟ್ಟಿ, ಆದರೆ ಅದರ ತಡೆಯನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಓಡಿಸುತ್ತೇನೆ. ದಪ್ಪ ಬದಲಾದರೆ ತೂಕವೂ ಬದಲಾಗುತ್ತದೆ, ಹೋಳುಗಳನ್ನು ಮೊದಲಿಂದ ಮಾಡಬೇಕು. ಈ ಸಲ ಕಲ್ಲು ಕಲ್ಲಿಗೂ ಒಂದು ಸಂದು. ಅರ್ಧ ಮಣ್ಣಿನ ಸ್ಥಿತಿಯದ್ದೂ ಹಾಕುತ್ತೇನೆ.

ಗಾರೆಮೇಸ್ತ್ರಿ

ಕಲ್ಲು ಬೆಣೆ ಆಕಾರಕ್ಕೆ ಕಡಿಸಿ ಮಾರಾಯ್ರೆ. 400 ಅಂತ ಚೌಕ ಕಲ್ಲು ಇಟ್ಟರೆ ಮೇಲಿನ ಬಾಯಿ ಇನ್ನೂ ಅಗಲ ಆಗುತ್ತೆ.